ಜೋತಾಡುವ ತಂತಿಯ ದೂರು ಯಾರ ಕೈಗೆ ಹೋಗುತ್ತದೆ? ಶಿರಸಿಯ ಇಂಟರ್ನೆಟ್ ಸಂಸ್ಥೆಯೊಂದರ ಟೆಸ್ಟ್ ಸೆಟ್: ಪ್ರಕರಣ ಅಧ್ಯಯನ

ಶಿರಸಿಯಲ್ಲಿ ಕಚೇರಿ ಇರುವ ಒಂದು ಫೈಬರ್ ಇಂಟರ್ನೆಟ್ ಸಂಸ್ಥೆ. ಘಟ್ಟದ ಮೇಲೆ ಸಿದ್ದಾಪುರ, ಯಲ್ಲಾಪುರ, ಕೆಳಗೆ ಕುಮಟಾ, ಅಂಕೋಲಾ, ಕಾರವಾರ: ಇಷ್ಟು ಕಡೆ ಅದರ ಗ್ರಾಹಕರು. ದೂರುಗಳೆಲ್ಲ ವಾಟ್ಸಾಪ್‌ನಲ್ಲಿ ಬರುತ್ತವೆ. ಫೋನ್ ಮಾಡಿದವರ ಮಾತನ್ನು ಕಚೇರಿಯವರು ನಾಲ್ಕು ಪದಗಳಲ್ಲಿ ಟೈಪ್ ಮಾಡಿ ಅದೇ ಸಾಲಿಗೆ ಸೇರಿಸುತ್ತಾರೆ. ವರ್ಷಕ್ಕೆ 24,000 ಟಿಕೆಟ್. ಇವನ್ನು ಓದಿ ಸರಿಯಾದ ಜನರಿಗೆ ಹಂಚುವ ಕೆಲಸವನ್ನು ಭಾಷಾ ಮಾದರಿಯೊಂದಕ್ಕೆ ಕೊಡಬಹುದೇ, ಕೊಟ್ಟರೆ ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಇಲ್ಲಿನ ಪ್ರಶ್ನೆ. ಅದನ್ನು ಅಳೆಯಲು ಬೇಕಾದದ್ದು ಟೆಸ್ಟ್ ಸೆಟ್, ಅಂದರೆ ಸರಿಯುತ್ತರ ಬರೆದಿಟ್ಟ ಟಿಕೆಟ್‌ಗಳ ಗುಂಪು. ಸಂಸ್ಥೆ ಕಲ್ಪಿತ. ಅಂಕಿಗಳನ್ನು ವಿಧಾನ ತೋರಿಸುವುದಕ್ಕೆಂದೇ ಇಟ್ಟುಕೊಂಡಿದ್ದೇವೆ. ಆದರೆ ಲೆಕ್ಕದ ದಾರಿಯೂ ಎಡವುವ ಜಾಗಗಳೂ ಇಂಥ ಯಾವ ಕೆಲಸದಲ್ಲಾದರೂ ಎದುರಾಗುವಂಥವೇ.

ಸಾಮಾನ್ಯವಾಗಿ ಇಂಥ ಕಡೆ ಮಾಡುವುದೇನೆಂದರೆ, ಕಳೆದ ತಿಂಗಳ ಟಿಕೆಟ್‌ಗಳಿಂದ ಐನೂರನ್ನು ಎತ್ತಿಕೊಂಡು, ಕಚೇರಿಯವರು ಆಗ ಹಾಕಿದ್ದ ವಿಭಾಗದ ಜೊತೆ ಮಾದರಿಯ ಉತ್ತರವನ್ನು ಹೋಲಿಸಿ, ನೂರಕ್ಕೆ ತೊಂಬತ್ತಮೂರು ಸರಿ ಎಂದು ಬರೆದಿಡುವುದು. ಆ ತೊಂಬತ್ತಮೂರರಿಂದ ಯಾವ ನಿರ್ಧಾರವನ್ನೂ ಮಾಡಲಾಗದು. ಏಕೆ ಆಗದು ಎಂಬುದು ಮುಂದೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಲೇಬಲ್ ಎಂದರೆ ಯಾರು ಏಳಬೇಕು ಎಂಬುದು

ವಿಭಾಗಗಳನ್ನು ವಿಷಯದ ಮೇಲೆ ಮಾಡಿದರೆ ಟೆಸ್ಟ್ ಸೆಟ್ ಮೊದಲ ದಿನವೇ ಹಾಳು. ‘ತಾಂತ್ರಿಕ ಸಮಸ್ಯೆ’ ಎಂಬ ವಿಭಾಗದೊಳಗೆ ಲೈನ್‌ಮನ್ ಬೈಕ್ ಹತ್ತಬೇಕಾದ ದೂರೂ ಇರುತ್ತದೆ, ಫೋನಿನಲ್ಲಿ ಎರಡು ನಿಮಿಷ ಮಾತಾಡಿದರೆ ಮುಗಿಯುವ ದೂರೂ ಇರುತ್ತದೆ. ಮಾದರಿ ಎರಡಕ್ಕೂ ಒಂದೇ ಉತ್ತರ ಕೊಟ್ಟು ಪೂರ್ತಿ ಅಂಕ ಪಡೆಯುತ್ತದೆ, ಕಚೇರಿಗೆ ಅದರಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ಪ್ರತಿ ಲೇಬಲ್ಲಿಗೂ ಒಬ್ಬ ವ್ಯಕ್ತಿಯನ್ನೋ ಒಂದು ಮೇಜನ್ನೋ ಕಟ್ಟಬೇಕು. ಇಲ್ಲಿ ಏಳು ಲೇಬಲ್‌ಗಳಾದವು. ಅಪಾಯ ಎಂದರೆ ಬಿದ್ದ ಕಂಬ, ರಸ್ತೆಗೆ ಇಳಿದ ತಂತಿ, ಸುಟ್ಟ ವಾಸನೆ, ಇಂಥವು. ಇದಕ್ಕೆ ತಕ್ಷಣ ಒಬ್ಬರು ಫೋನ್ ಮಾಡಬೇಕು. ಕಡಿತ ಲೈನ್‌ಮನ್‌ಗೆ, ನಿಧಾನ ಫೋನ್ ಸಹಾಯದವರಿಗೆ, ಬಿಲ್ ಲೆಕ್ಕದ ಮೇಜಿಗೆ. ಹೊಸ ಸಂಪರ್ಕ, ಸಂಪರ್ಕ ಬಿಡುವುದು, ಇತರೆ ಉಳಿದ ಮೂರು.

ಒಂದೇ ಸಂದೇಶದಲ್ಲಿ ಎರಡು ಮೂರು ಸಂಗತಿ ಇರುವುದೇ ಹೆಚ್ಚು. “ನಾಲ್ಕು ದಿನ ಆಯ್ತು ಮಾರಾಯ್ರೆ ನೆಟ್ ಇಲ್ಲ, ಈ ತಿಂಗಳ ಬಿಲ್ ಕಟ್ಟೂದಿಲ್ಲ, ಹೀಗೇ ಆದ್ರೆ ಕನೆಕ್ಷನ್ನೇ ತೆಗ್ಸಿ” ಎಂಬುದರಲ್ಲಿ ಕಡಿತ, ಬಿಲ್, ಬಿಡುವ ಬೆದರಿಕೆ ಮೂರೂ ಇವೆ. ಮೊದಲು ಯಾರು ಏಳಬೇಕು ಎಂದು ಕೇಳಿದರೆ ಉತ್ತರ ಸುಲಭ: ಲೈನ್‌ಮನ್. ಹಾಗಾಗಿ ಆದ್ಯತೆಯ ಕ್ರಮವನ್ನು ಲೇಬಲ್ ಹಾಕುವ ಮೊದಲೇ ಬರೆದಿಡಬೇಕು: ಅಪಾಯ, ಆಮೇಲೆ ಕಡಿತ, ಆಮೇಲೆ ಬಿಡುವುದು, ಉಳಿದವು ನಂತರ. ಮಾದರಿಗೆ ಕೊಡುವ ಸೂಚನೆಯಾದ ಪ್ರಾಂಪ್ಟ್‌ನಲ್ಲೂ ಇದೇ ಕ್ರಮ, ಇದೇ ವಾಕ್ಯಗಳಲ್ಲಿ ಇರಬೇಕು. ಜನರಿಗೆ ಒಂದು ನಿಯಮ, ಮಾದರಿಗೆ ಇನ್ನೊಂದು ಕೊಟ್ಟು ಪರೀಕ್ಷೆ ಮಾಡಿದರೆ ತಪ್ಪು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಒಂದು ಟಿಕೆಟ್ ಎಂದರೆ ಎಷ್ಟು?

ಟಿಕೆಟ್ ಸಾಫ್ಟ್‌ವೇರ್‌ನಿಂದ ಫೈಲ್ ಇಳಿಸಿಕೊಂಡಾಗ ಒಂದು ಸಾಲಿನಲ್ಲಿ ಗ್ರಾಹಕರ ಮೊದಲ ಮಾತಿನಿಂದ ಹಿಡಿದು ಕೊನೆಗೆ ಲೈನ್‌ಮನ್ ಬರೆದ ಷರಾ ತನಕ ಎಲ್ಲವೂ ಒಟ್ಟಿಗೆ ಇರುತ್ತದೆ. “ಫೈಬರ್ ಜೋಡಿಸಲಾಗಿದೆ, ಪವರ್ ಸರಿ ಇದೆ” ಎಂಬ ಷರಾ ಸಹಿತ ಮಾದರಿಗೆ ಕೊಟ್ಟರೆ ಉತ್ತರವನ್ನೇ ಕೊಟ್ಟು ಪ್ರಶ್ನೆ ಕೇಳಿದ ಹಾಗಾಯಿತು. ಅಂಕ ಅನುಮಾನ ಬರುವಷ್ಟು ಚೆನ್ನಾಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಹತ್ತು ಸಾಲುಗಳನ್ನು ತೆರೆದು, ಹಂಚುವ ಕ್ಷಣದಲ್ಲಿ ಕಚೇರಿಗೆ ಗೊತ್ತಿರದಿದ್ದ ಮಾತು ಒಂದಾದರೂ ಅದರಲ್ಲಿ ಇದೆಯೇ ಎಂದು ಓದಿದರೆ ಸಾಕು.

ಇದರ ತದ್ವಿರುದ್ಧ ತೊಂದರೆಯೂ ಉಂಟು. ವಾಟ್ಸಾಪ್‌ನಲ್ಲಿ ಜನ ಒಂದೇ ದೂರನ್ನು ತುಂಡು ತುಂಡಾಗಿ ಕಳಿಸುತ್ತಾರೆ: “ಸರ್”, “ನಮಸ್ಕಾರ”, “ಕೆಂಪು ಲೈಟ್”, “ನಿನ್ನೆಯಿಂದ”. ಮೊದಲ ತುಂಡನ್ನು ಮಾತ್ರ ಟಿಕೆಟ್ ಎಂದುಕೊಂಡರೆ ಮನುಷ್ಯರಿಗೂ ಲೇಬಲ್ ಹಾಕಲಾಗದು. ಇಲ್ಲಿ ತೀರ್ಮಾನಿಸಿದ್ದು, ಮೊದಲ ಸಂದೇಶದಿಂದ ಹತ್ತು ನಿಮಿಷದೊಳಗೆ ಅದೇ ನಂಬರಿನಿಂದ ಬಂದದ್ದೆಲ್ಲ ಸೇರಿ ಒಂದು ಟಿಕೆಟ್. ಇದು ಪರೀಕ್ಷೆಗಾಗಿ ಮಾಡಿಕೊಂಡ ಅನುಕೂಲವಲ್ಲ. ನಿತ್ಯದ ಬಳಕೆಯಲ್ಲೂ ಮಾದರಿ ಹತ್ತು ನಿಮಿಷ ಕಾದೇ ಉತ್ತರಿಸುವಂತೆ ಮಾಡಬೇಕು. ಇಲ್ಲವಾದರೆ ಪರೀಕ್ಷೆ ಒಂದರದ್ದು, ಕೆಲಸ ಇನ್ನೊಂದರದ್ದು.

ಮೂರನೆಯದು ಮಳೆಗಾಲದ ಕಥೆ. ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಫೈಬರ್ ಕಡಿದರೆ ಕುಮಟಾ ಕಡೆಯ ಮನೆಗಳೆಲ್ಲ ಒಮ್ಮೆಲೇ ಕತ್ತಲು. ಎರಡು ತಾಸಿನಲ್ಲಿ ನೂರನಲವತ್ತು ಸಂದೇಶ, ಬಹುತೇಕ “ನೆಟ್ ಇಲ್ಲ” ಎಂಬೊಂದೇ ಮಾತು. ಇವನ್ನು ನೂರನಲವತ್ತು ಬೇರೆ ಬೇರೆ ಪ್ರಶ್ನೆಗಳೆಂದು ಎಣಿಸಿದರೆ, ಅತಿ ಸುಲಭದ ಒಂದು ಪ್ರಶ್ನೆಗೆ ನೂರನಲವತ್ತು ಅಂಕ ಕೊಟ್ಟಂತೆ. ಮಾದರಿಗೆ ಉದಾಹರಣೆಯಾಗಿ ಕೊಟ್ಟ ಟಿಕೆಟ್ಟೂ ಪರೀಕ್ಷೆಯ ಟಿಕೆಟ್ಟೂ ಒಂದೇ ಘಟನೆಯಿಂದ ಬಂದರಂತೂ ಪರೀಕ್ಷೆಗೆ ಅರ್ಥವೇ ಉಳಿಯದು. ಪ್ರತಿ ಟಿಕೆಟ್ಟಿಗೂ ಘಟನೆಯ ಗುರುತು ಕೊಟ್ಟು, ಒಂದೇ ಊರಿನಿಂದ ಆರು ತಾಸಿನೊಳಗೆ ಬಂದ, ಚುಕ್ಕೆ-ಖಾಲಿ ಜಾಗ ತೆಗೆದ ಮೇಲೆ ಒಂದೇ ಆಗುವ ಸಂದೇಶಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡರು. 24,000 ಹೀಗೆ 16,000ಕ್ಕೆ ಇಳಿಯಿತು. ಉಳಿದ ಸಂದೇಶಗಳನ್ನು ಹಂಚುವಾಗ ಒಂದು ಘಟನೆಯವೆಲ್ಲ ಒಂದೇ ಬದಿಗೆ: ಪ್ರಾಂಪ್ಟ್ ತಿದ್ದಲು ಬಳಸುವ ಗುಂಪಿಗೆ, ಇಲ್ಲವೇ ಕೊನೆಯ ಪರೀಕ್ಷೆಗೆ.

ವರ್ಷಪೂರ್ತಿಯ ಟಿಕೆಟ್ ಬೇಕು ಎಂಬುದೂ ಇಲ್ಲಿಂದಲೇ ಬರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗಿನಲ್ಲಿ ಅಡಾಪ್ಟರ್ ಸುಟ್ಟ ದೂರು ಜಾಸ್ತಿ, ಜೂನ್ ದಾಟಿದ ಮೇಲೆ ಮರ ಬಿದ್ದದ್ದು ಜಾಸ್ತಿ, ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿ ಅಗೆಯುವಾಗ ತುಂಡಾದದ್ದು ಜಾಸ್ತಿ. ಫೆಬ್ರವರಿಯ ಟಿಕೆಟ್‌ಗಳಲ್ಲಿ ಪಾಸಾದ ಮಾದರಿಯ ಬಗ್ಗೆ ಜುಲೈಗೆ ಏನೂ ಹೇಳಲಾಗದು.

ಅಪರೂಪದ ದೂರನ್ನು ಹುಡುಕುವುದು

ಈ ಪ್ರಕರಣದ ನಿಜವಾದ ಕಷ್ಟ ಅಪಾಯದ ಲೇಬಲ್. ಬಿಲ್ಲಿನ ದೂರು ತಪ್ಪು ಮೇಜಿಗೆ ಹೋದರೆ ಒಂದು ದಿನ ತಡವಾಗುತ್ತದೆ. ಹೆಸ್ಕಾಂ ಕಂಬದ ಮೇಲೆ ಹಾದು ಬಂದ ಕೇಬಲ್ ಹರಿದು ಶಾಲೆಯ ದಾರಿಗೆ ಇಳಿದಿದೆ ಎಂಬ ದೂರು ತಪ್ಪು ಮೇಜಿಗೆ ಹೋದರೆ ಆಗಬಹುದಾದದ್ದೇ ಬೇರೆ. ಅಂಥ ಟಿಕೆಟ್ ಇರುವುದು ಇನ್ನೂರಕ್ಕೆ ಒಂದರ ಹತ್ತಿರ. ಕಣ್ಣುಮುಚ್ಚಿ ಆರುನೂರು ಟಿಕೆಟ್ ಎತ್ತಿದರೆ ಅಪಾಯದವು ಸಿಗುವುದು ಸುಮಾರು ಮೂರು. ಹತ್ತರಲ್ಲಿ ಏಳನ್ನಷ್ಟೇ ಹಿಡಿಯುವ ಕಳಪೆ ಮಾದರಿಯೂ ಆ ಮೂರನ್ನೂ ಹಿಡಿಯುವ ಸಾಧ್ಯತೆ 0.7 × 0.7 × 0.7, ಅಂದರೆ 0.34. ಮೂರರಲ್ಲಿ ಒಂದು ಸಲ ಅದು ಪರಿಪೂರ್ಣವಾಗಿ ಕಾಣಿಸುತ್ತದೆ.

ಹಾಗಾದರೆ ಹೆಚ್ಚು ಅಪಾಯದ ಟಿಕೆಟ್ ಬೇಕು. ಮೊದಲು ತೋಚುವುದು ಪದ ಹಾಕಿ ಹುಡುಕುವುದು: ತಂತಿ, ವೈರ್, ಕಂಬ, ಶಾಕ್, ಸುಟ್ಟ, ಜೊತೆಗೆ `kamba`, `wire`, `shock` ಹೀಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದವು. ಕೇಬಲ್ ಎಂಬ ಪದ ಪ್ರಯೋಜನಕ್ಕಿಲ್ಲ, ಅದು ಅರ್ಧ ಟಿಕೆಟ್‌ಗಳಲ್ಲಿ ಇದೆ. ಇದರಿಂದ 380 ಟಿಕೆಟ್ ಸಿಕ್ಕವು. ಎರಡನೆಯ ಮೂಲ ಲೈನ್‌ಮನ್‌ನ ಕೆಲಸದ ಚೀಟಿ. ದೂರಿನಲ್ಲಿ ಏನೇ ಇರಲಿ, ಚೀಟಿಯಲ್ಲಿ “ತಂತಿ ಎತ್ತಿ ಕಟ್ಟಿದೆ” ಎಂದಿದ್ದರೆ ಆ ಟಿಕೆಟ್ ನೋಡತಕ್ಕದ್ದು. ಪದಗಳಿಗೆ ಸಿಗದ ಇನ್ನೂ 20 ಹೀಗೆ ಸೇರಿದವು. ಈ 400ರ ಗುಂಪಿಗೆ ‘ಅ’ ಎಂದಿರಲಿ. ಅಷ್ಟನ್ನೂ ಜನ ಓದಿ ಲೇಬಲ್ ಹಾಕಿದಾಗ 70 ನಿಜವಾಗಿ ಅಪಾಯದವು: ಪದಗಳಿಂದ ಸಿಕ್ಕವು 56, ಚೀಟಿಯಿಂದ ಮಾತ್ರ ಸಿಕ್ಕವು 14.

ಎಷ್ಟೋ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು. ಪದದಿಂದ ಹುಡುಕಿ ಸಿಕ್ಕ ದೂರು ಎಂದರೆ ಅಪಾಯವನ್ನು ಬಾಯಿಬಿಟ್ಟು ಹೇಳಿದ ದೂರು. ಅಂಥದ್ದನ್ನು ಮಾದರಿಯೂ ಸುಲಭವಾಗಿ ಹಿಡಿಯುತ್ತದೆ. ತಪ್ಪುವುದು ಇಂಥದ್ದು: “ನಿಮ್ಮ ಕೇಬಲ್ ಗೇಟಿಗೆ ಅಡ್ಡ ಬಂದು ಕೂತಿದ್ದು ತಮಾ, ದನ ದಾಟಲೆ ಆಗ್ತಿಲ್ಲೆ.” ಶಿರಸಿ–ಸಿದ್ದಾಪುರದ ಮನೆಯಿಂದ ಬಂದ ಈ ಮಾತಿನಲ್ಲಿ ತಂತಿಯೂ ಇಲ್ಲ, ಕಂಬವೂ ಇಲ್ಲ, ಸಿಟ್ಟೂ ಇಲ್ಲ. ಇಂಟರ್ನೆಟ್ ಚೆನ್ನಾಗಿಯೇ ನಡೆಯುತ್ತಿರಬಹುದು. ಮಾದರಿ ಇದನ್ನು ‘ಇತರೆ’ಗೆ ಹಾಕಿ ಮುಂದೆ ಹೋಗುತ್ತದೆ.

ಉಳಿದ 15,600ರಲ್ಲಿ ಇಂಥವು ಎಷ್ಟಿವೆ ಎಂದು ತಿಳಿಯಲು ಮಧ್ಯದಲ್ಲಿ ಇನ್ನೊಂದು ಜರಡಿ ಹಿಡಿಯಬೇಕು. ಒಂದು ಭಾಷಾ ಮಾದರಿಗೇ ಬೇರೊಂದು ಸಡಿಲವಾದ ಪ್ರಶ್ನೆ ಕೇಳಲಾಯಿತು: ಈ ಸಂದೇಶದ ಹಿಂದೆ ಯಾರಾದರೂ ಎಡವುವ, ಮುಟ್ಟುವ, ವಾಹನಕ್ಕೆ ಸಿಕ್ಕಿಕೊಳ್ಳುವ ವಸ್ತು ಇರಬಹುದೇ? ಸ್ವಲ್ಪ ಅನುಮಾನವಿದ್ದರೂ ಹೌದು ಎನ್ನು. ಹೌದು ಎಂದವು 1,200, ಇದಕ್ಕೆ ‘ಆ’ ಗುಂಪು ಎಂದಿರಲಿ. ಉಳಿದ 14,400 ‘ಇ’ ಗುಂಪು. ‘ಆ’ ಗುಂಪಿನಿಂದ 300, ಇ ಗುಂಪಿನಿಂದ 500 ಟಿಕೆಟ್‌ಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡರು.

ಪರೀಕ್ಷಿಸಬೇಕಾದ ಮಾದರಿಯನ್ನೇ ಜರಡಿಗೂ ಬಳಸಿದರೆ ಫಲಿತಾಂಶ ವಾಲುವುದಿಲ್ಲವೇ ಎಂಬ ಅನುಮಾನ ಸಹಜ. ಜರಡಿಯಲ್ಲಿ ಉಳಿದದ್ದನ್ನು ಮಾತ್ರ ಓದಿದರೆ ವಾಲುತ್ತದೆ. ಜರಡಿಯಿಂದ ಕೆಳಗೆ ಬಿದ್ದದ್ದರಿಂದಲೂ ಗೊತ್ತಿರುವ ಪ್ರಮಾಣದಲ್ಲಿ ಎತ್ತಿ ಓದಿ, ಪ್ರತಿ ಟಿಕೆಟ್ಟಿಗೂ ಅದು ಎಷ್ಟು ಟಿಕೆಟ್‌ಗಳ ಪರವಾಗಿ ನಿಂತಿದೆಯೋ ಅಷ್ಟು ತೂಕ ಕೊಟ್ಟರೆ ವಾಲುವುದಿಲ್ಲ. ಜರಡಿ ಕೆಟ್ಟದಾಗಿದ್ದರೆ ಉತ್ತರ ಹೆಚ್ಚು ಅಲುಗಾಡುತ್ತದೆ, ಅಷ್ಟೆ. ಅ ಗುಂಪಿನ ಟಿಕೆಟ್ಟಿನ ತೂಕ 1, ‘ಆ’ ಗುಂಪಿನದು 1,200 ಭಾಗಿಸು 300, ಅಂದರೆ 4, ಇ ಗುಂಪಿನದು 14,400 ಭಾಗಿಸು 500, ಅಂದರೆ 28.8.

ಒಂದು ಟಿಕೆಟ್ ಫೈಲಿನಲ್ಲಿ ಹೀಗೆ ಕೂರುತ್ತದೆ:

```json
{"id": "T0412", "text": "gate hatra cable bidd ide, net sari ide",
 "gold": ["apaya"], "stratum": "B1", "weight": 4,
 "lang": "kn-Latn", "event": "E088"}
```

ಇಲ್ಲಿ `B1` ಎಂದರೆ ‘ಆ’ ಗುಂಪು. `kn-Latn` ಎಂದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. `gold` ಪಟ್ಟಿಯಾಗಿ ಇರುವುದಕ್ಕೆ ಕಾರಣ ಮುಂದೆ ಬರುತ್ತದೆ. ಸಂದೇಶದೊಳಗಿನ ಫೋನ್ ನಂಬರ್, ಗ್ರಾಹಕರ ಹೆಸರುಗಳನ್ನು ಈ ಹಂತಕ್ಕೆ ಮೊದಲೇ ಬದಲಿಸಿರಬೇಕು. ಆದರೆ ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಮಾದರಿ ನೋಡುವ ಪಠ್ಯವೇ ಬೇರೆಯಾಗುತ್ತದೆ. ಹತ್ತಂಕಿಯ ಜಾಗದಲ್ಲಿ ಹತ್ತಂಕಿಯ ಸುಳ್ಳು ನಂಬರ್, ಹೆಸರಿನ ಜಾಗದಲ್ಲಿ ಇನ್ನೊಂದು ಹೆಸರು ಇಡುವುದೇ ಸರಿ.

ಸರಿಯುತ್ತರ ಬರೆಯುವವರು

ಕಚೇರಿಯವರು ಆಗಿನ ಗಡಿಬಿಡಿಯಲ್ಲಿ ಹಾಕಿದ್ದ ವಿಭಾಗವನ್ನು ಸರಿಯುತ್ತರವೆಂದು ಇಟ್ಟುಕೊಳ್ಳಬಾರದು. ಮಳೆಗಾಲದ ಒಂದು ಬೆಳಿಗ್ಗೆ ಇನ್ನೂರು ಟಿಕೆಟ್ ಮುಂದಿರುವಾಗ ಪಟ್ಟಿಯಲ್ಲಿ ಮೇಲಿರುವ ವಿಭಾಗಕ್ಕೆ ಒತ್ತುವುದು ಸಹಜ. ಹೊಸದಾಗಿ ಇಬ್ಬರು ಓದಬೇಕು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣಬಾರದು, ಮಾದರಿಯ ಉತ್ತರವಂತೂ ಇಬ್ಬರಿಗೂ ಕಾಣಬಾರದು. ಮಾದರಿ ‘ನಿಧಾನ’ ಎಂದಿದೆ ಎಂದು ಗೊತ್ತಿದ್ದರೆ, ಅನುಮಾನವಿದ್ದ ಕಡೆಯೆಲ್ಲ ಕೈ ತಾನಾಗಿ ಅತ್ತ ಹೋಗುತ್ತದೆ. ಇಲ್ಲಿ ಆರಿಸಿಕೊಂಡದ್ದು ಶಿರಸಿಯ ಫೋನ್ ಮೇಜಿನವರೊಬ್ಬರನ್ನು ಮತ್ತು ಕಾರವಾರದ ಲೈನ್‌ಮನ್‌ಗಳ ಮೇಲ್ವಿಚಾರಕರನ್ನು. ಒಬ್ಬರಿಗೆ ಹವ್ಯಕರ ಮಾತು ಸಲೀಸು, ಇನ್ನೊಬ್ಬರಿಗೆ ಕೊಂಕಣಿ. ಟಿಕೆಟ್ಟಿಗೆ ಅರ್ಧ ನಿಮಿಷ ಹಿಡಿದರೂ 1,200 ಟಿಕೆಟ್ ಎಂದರೆ ಒಬ್ಬೊಬ್ಬರಿಗೆ ಹತ್ತು ತಾಸು. ಒಂದೇ ದಿನದಲ್ಲಿ ಮಾಡಿಸಿದರೆ ಕೊನೆಯ ಮುನ್ನೂರು ಕೆಡುತ್ತವೆ, ಬೆಳಗಿನ ಎರಡು ತಾಸಿನಂತೆ ಐದು ದಿನಕ್ಕೆ ಹಂಚಬೇಕು.

ಮೊದಲ ನೂರು ಟಿಕೆಟ್ ಆದ ಮೇಲೆ ನಿಲ್ಲಿಸಿ ಇಬ್ಬರ ಉತ್ತರ ಹೋಲಿಸುವುದು ಮುಖ್ಯ. ನೂರಕ್ಕೆ 88 ಕಡೆ ಇಬ್ಬರೂ ಒಂದೇ ಎಂದರು ಎನ್ನೋಣ. ಅರ್ಧದಷ್ಟು ಟಿಕೆಟ್ ‘ಕಡಿತ’ವೇ ಆಗಿರುವಾಗ ಸುಮ್ಮನೆ ಊಹಿಸಿದರೂ ಸುಮಾರು 28 ಕಡೆ ಹೊಂದುತ್ತದೆ. ಅದನ್ನು ಕಳೆದು ನೋಡುವ ಅಳತೆ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ: 0.88ರಿಂದ 0.28 ಕಳೆದು, 0.72ರಿಂದ ಭಾಗಿಸಿದರೆ 0.83. ಇದು ಒಳ್ಳೆಯ ಒಮ್ಮತವೇ. ಆದರೆ ಆ ಸಂಖ್ಯೆಗಿಂತ ಬೆಲೆಬಾಳುವುದು ಹೊಂದದ ಹನ್ನೆರಡು ಟಿಕೆಟ್‌ಗಳ ಪಟ್ಟಿ.

ಅದರಲ್ಲಿ ಹೆಚ್ಚಿನವು “ನೆಟ್ ಬಂದು ಹೋಗಿ ಮಾಡ್ತಾ ಇದೆ” ಎಂಬ ಜಾತಿಯವು. ಫೋನ್ ಮೇಜಿನವರು ಇದನ್ನು ನಿಧಾನ ಎಂದರು, ಮೇಲ್ವಿಚಾರಕರು ಕಡಿತ ಎಂದರು. ಇಬ್ಬರಿಗೂ ಅವರವರ ಕಾರಣವಿದೆ. ಪೆಟ್ಟಿಗೆಯ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕಿನ ಸಂಕೇತ ಮನೆಯವರೆಗೆ ಬರುತ್ತಿಲ್ಲ ಎಂದರ್ಥ, ಫೋನಿನಲ್ಲಿ ಎಷ್ಟು ಮಾತಾಡಿದರೂ ಆಗದು. ದೀಪದ ಮಾತೇ ಇಲ್ಲದಿದ್ದರೆ ಪೆಟ್ಟಿಗೆ ಆರಿಸಿ ಹಾಕಿಸುವುದು ಮೊದಲ ಹೆಜ್ಜೆ. ನಿಯಮ ಹೀಗೆ ಬರೆದುಕೊಂಡರು: ಕೆಂಪು ದೀಪ ಹೇಳಿದ್ದರೆ ಕಡಿತ, ದೀಪವೇ ಇಲ್ಲ ಎಂದಿದ್ದರೆ ನಿಧಾನ, ಏಕೆಂದರೆ ಅದು ಅಡಾಪ್ಟರ್ ಅಥವಾ ಕರೆಂಟಿನ ವಿಷಯ ಇರಬಹುದು ಮತ್ತು ಅದನ್ನು ಫೋನಿನಲ್ಲೇ ಕೇಳಿ ತಿಳಿಯಬಹುದು. ಏನೂ ಹೇಳದಿದ್ದರೆ ಎರಡೂ ಒಪ್ಪಿಗೆ. `gold` ಪಟ್ಟಿಯಾಗಿರುವುದು ಇದಕ್ಕೇ. ಬಲ್ಲವರೇ ಎರಡು ಹೇಳುವ ಕಡೆ ಒಂದೇ ಉತ್ತರ ಎಂದು ಹಠ ಹಿಡಿದರೆ, ಮಾದರಿಯ ತಪ್ಪಿನ ಲೆಕ್ಕಕ್ಕೆ ನಮ್ಮ ಗೊಂದಲವೂ ಸೇರುತ್ತದೆ. ಆದರೆ ಎರಡು ಲೇಬಲ್ಲಿನ ಟಿಕೆಟ್ ನೂರಕ್ಕೆ ಹತ್ತು ದಾಟಿದರೆ ವಿಭಾಗಗಳನ್ನೇ ತಪ್ಪಾಗಿ ಕೊರೆದಿದ್ದೇವೆ ಎಂದು ತಿಳಿಯಬೇಕು. ನಿಯಮ ತಿದ್ದಿದ ಮೇಲೆ ಮೊದಲ ನೂರನ್ನೂ ಮತ್ತೆ ಓದಿಸಬೇಕು, ಈ ಹೆಜ್ಜೆ ತಪ್ಪಿಸುವವರೇ ಹೆಚ್ಚು.

ಕೊಂಕಣಿಯದ್ದು ಬೇರೆಯೇ ಲೆಕ್ಕ. ಕಾರವಾರದ ಕಡೆಯವರು ಅದನ್ನು ಕನ್ನಡ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಕೆಲವರು ದೇವನಾಗರಿಯಲ್ಲೂ ಬರೆಯುತ್ತಾರೆ. ಇ ಗುಂಪಿನ 500ರಲ್ಲಿ ಇಪ್ಪತ್ತಷ್ಟೇ ಸಿಕ್ಕವು. ಇಪ್ಪತ್ತರ ಮೇಲೆ ಏನೂ ಹೇಳಲಾಗದು. ಆದ್ದರಿಂದ ಕೊಂಕಣಿಯದೇ ಇನ್ನೊಂದು ನೂರನ್ನು ಪ್ರತ್ಯೇಕವಾಗಿ ಎತ್ತಿ, ಒಟ್ಟು ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ವರದಿ ಮಾಡುವುದು ಸರಳ ದಾರಿ.

ಓಡಿಸಿ ಓದುವುದು

ಓಡಿಸುವ ಮೊದಲು ಮಾದರಿಯ ಪೂರ್ತಿ ಹೆಸರು, ಆವೃತ್ತಿ, ಪ್ರಾಂಪ್ಟ್‌ನ ಪಠ್ಯ ಇಷ್ಟನ್ನೂ ಒಂದು ಫೈಲಿನಲ್ಲಿ ಇಟ್ಟುಕೊಳ್ಳಬೇಕು. ಉತ್ತರದ ಏರಿಳಿತವನ್ನು ಹಿಡಿತದಲ್ಲಿಡುವ `temperature` ಸೊನ್ನೆ ಇಟ್ಟರೂ ಎರಡು ಸಲದ ಉತ್ತರ ಒಂದೇ ಇರುತ್ತದೆಂದು ಖಾತ್ರಿ ಇಲ್ಲ. ಮೂರು ಸಲ ಓಡಿಸಿ, ಉತ್ತರ ಬದಲಾದ ಟಿಕೆಟ್‌ಗಳನ್ನು ಗುರುತು ಹಾಕಿದರೆ ಯಾವ ಗಡಿಗಳು ಮಸುಕಾಗಿವೆ ಎಂದು ತಿಳಿಯುತ್ತದೆ. ಏಳು ಲೇಬಲ್‌ಗಳ ಹೊರಗಿನ ಉತ್ತರ ಬಂದರೆ ಅದು ತಪ್ಪೆಂದೇ ಲೆಕ್ಕ. “ಇದು ಕಡಿತ ಅಥವಾ ಬಿಲ್ ಇರಬಹುದು” ಎಂಬ ಉದ್ದದ ವಾಕ್ಯವನ್ನು ಕೈಯಾರೆ ಓದಿ ಸರಿ ಎಂದು ಮಾಡುವ ಹಾಗಿಲ್ಲ, ನಿತ್ಯದ ಕೆಲಸದಲ್ಲಿ ಹಾಗೆ ಓದಲು ಯಾರೂ ಕೂತಿರುವುದಿಲ್ಲ.

ಅಪಾಯದ ಲೇಬಲ್ಲಿಗೆ ಕೇಳಬೇಕಾದದ್ದು ರೀಕಾಲ್: ಇರುವ ಅಪಾಯದ ದೂರುಗಳಲ್ಲಿ ಎಷ್ಟನ್ನು ಹಿಡಿಯಿತು? ಪ್ರತಿ ಟಿಕೆಟ್ಟಿಗೂ ಮಾದರಿಯ ಉತ್ತರವನ್ನು `pred` ಎಂದು ಸೇರಿಸಿಕೊಂಡ ಮೇಲೆ, ತೂಕ ಹಾಕಿ ಲೆಕ್ಕ ಮಾಡುವುದು ಇಷ್ಟೇ:

```python
danger = [t for t in tests if "apaya" in t["gold"]]
total = sum(t["weight"] for t in danger)
hit = sum(t["weight"] for t in danger if t["pred"] == "apaya")
print(hit / total)
```

ಅ ಗುಂಪಿನ 70ರಲ್ಲಿ 67 ಹಿಡಿಯಿತು. ‘ಆ’ ಗುಂಪಿನ 300ರಲ್ಲಿ ಓದುಗರಿಗೆ ಸಿಕ್ಕ ಅಪಾಯ 6, ಮಾದರಿ ಹಿಡಿದದ್ದು 3. ಇ ಗುಂಪಿನ 500ರಲ್ಲಿ ಒಂದೂ ಸಿಗಲಿಲ್ಲ. ತೂಕವಿಲ್ಲದೆ ಕೂಡಿದರೆ 76ರಲ್ಲಿ 70, ಅಂದರೆ ನೂರಕ್ಕೆ 92. ತೂಕ ಹಾಕಿದರೆ ಒಟ್ಟು ಅಪಾಯ 70 ಕೂಡು 24, ಅಂದರೆ 94. ಹಿಡಿದದ್ದು 67 ಕೂಡು 12, ಅಂದರೆ 79. ನೂರಕ್ಕೆ 84. ಒಂದೇ ಮಾದರಿ, ಒಂದೇ ಉತ್ತರಗಳು, ಎಂಟು ಅಂಶದ ವ್ಯತ್ಯಾಸ. 92 ಎಂಬುದು ಸುಲಭದ ದೂರುಗಳಿಗೆ ಹೆಚ್ಚು ಮತ ಕೊಟ್ಟು ಬಂದ ಸಂಖ್ಯೆ.

ಈ 84 ಕೂಡ ಬಿಗಿಯಾಗಿ ನಿಂತಿಲ್ಲ. ‘ಆ’ ಗುಂಪಿನ ಆರು ಟಿಕೆಟ್‌ಗಳ ಮೇಲೆ ಬಹಳ ಭಾರ ಇದೆ, ಅವುಗಳಲ್ಲಿ ಒಂದೆರಡು ಅತ್ತಿತ್ತ ಆದರೆ ಉತ್ತರ ಹತ್ತು ಅಂಶದಷ್ಟು ಆಚೀಚೆ ಸರಿಯುತ್ತದೆ. ಬಿಗಿ ಮಾಡಬೇಕೆಂದರೆ ಲೇಬಲ್ ಹಾಕುವ ಶ್ರಮವನ್ನು ಇ ಗುಂಪಿನ ಬದಲು ‘ಆ’ ಗುಂಪಿಗೆ ಸುರಿಯಬೇಕು: ಉಳಿದ 900 ಓದಿದರೆ ಆ ಭಾಗದ ಅನಿಶ್ಚಿತತೆ ಇಲ್ಲವಾಗುತ್ತದೆ. ಇ ಗುಂಪಿನಲ್ಲಿ ಸೊನ್ನೆ ಸಿಕ್ಕಿತು ಎಂದರೆ ಅಲ್ಲಿ ಏನೂ ಇಲ್ಲ ಎಂದಲ್ಲ. 500ರಲ್ಲಿ ಒಂದೂ ಕಾಣದಿದ್ದಾಗ, ನೂರಕ್ಕೆ ತೊಂಬತ್ತೈದರ ಭರವಸೆಯಲ್ಲಿ ಹೇಳಬಹುದಾದ ಮೇಲಿನ ಮಿತಿ 3 ಭಾಗಿಸು 500, ಅಂದರೆ ಸಾವಿರಕ್ಕೆ ಆರು. 14,400ರ ಮೇಲೆ ಅದು 86 ಟಿಕೆಟ್. ವರದಿಯಲ್ಲಿ 84ರ ಪಕ್ಕದಲ್ಲೇ ಈ 86 ಇರಬೇಕು, ಅಡಿಟಿಪ್ಪಣಿಯಲ್ಲಿ ಅಲ್ಲ.

ಸುಳ್ಳು ಎಚ್ಚರಿಕೆಗಳನ್ನೂ ಹೀಗೆಯೇ ಎಣಿಸಬೇಕು. ಅ ಗುಂಪಿನಲ್ಲಿ 90, ‘ಆ’ ಗುಂಪಿನ 300ರಲ್ಲಿ 15, ಇ ಗುಂಪಿನ 500ರಲ್ಲಿ 2 ಟಿಕೆಟ್‌ಗಳನ್ನು ಮಾದರಿ ಸುಮ್ಮನೆ ಅಪಾಯ ಎಂದಿತು. ತೂಕ ಹಾಕಿದರೆ 90, 60 ಮತ್ತು 58, ಒಟ್ಟು 208. ನಿಜವಾದ 79 ಸೇರಿಸಿದರೆ ವರ್ಷಕ್ಕೆ 287 ಎಚ್ಚರಿಕೆ, ನಾಲ್ಕರಲ್ಲಿ ಸುಮಾರು ಮೂರು ಸುಳ್ಳು. ಕೇಳಲು ಕೆಟ್ಟದಾಗಿದೆ. ಆದರೆ ದಿನಕ್ಕೆ ಒಂದು ಫೋನ್ ಕರೆಯೂ ಆಗಲಿಲ್ಲ. ಇಲ್ಲಿ ಸುಳ್ಳು ಎಚ್ಚರಿಕೆಯ ಬೆಲೆ ಎರಡು ನಿಮಿಷ, ತಪ್ಪಿಹೋದ ಎಚ್ಚರಿಕೆಯ ಬೆಲೆಗೆ ಮಿತಿಯಿಲ್ಲ. ಎಲ್ಲ ಲೇಬಲ್‌ಗಳಿಗೂ ಸೇರಿ ಒಂದೇ ಸರಾಸರಿ ಅಂಕ ಕೊಡುವುದನ್ನು ನಾವು ಒಪ್ಪದಿರುವುದು ಇದಕ್ಕಾಗಿ.

ಕೊಂಕಣಿಯ ನೂರರಲ್ಲಿ 82 ಸರಿ. ನೂರು ಟಿಕೆಟ್ ಎಂದಮೇಲೆ ನಿಜ 73ರಿಂದ 88ರ ನಡುವೆ ಎಲ್ಲಾದರೂ ಇರಬಹುದು. ತಪ್ಪಿದ 18ರಲ್ಲಿ 11 ‘ಇತರೆ’ಗೆ ಹೋಗಿದ್ದವು ಎಂಬುದು ಹೆಚ್ಚು ಹೇಳುವ ಸಂಗತಿ. ಅರ್ಥವಾಗದ್ದನ್ನು ಮಾದರಿ ಇತರೆಗೆ ತಳ್ಳುತ್ತಿದೆ, ಮತ್ತು ಇತರೆ ಮೇಜನ್ನು ತೆರೆಯುವುದು ಮರುದಿನ. ಅಂದರೆ ಕೊಂಕಣಿಯಲ್ಲಿ ಬರೆದವರ ನೆಟ್ ಮಾತ್ರ ಒಂದು ದಿನ ತಡವಾಗಿ ಸರಿಯಾಗುತ್ತದೆ. ಇದಕ್ಕೆ ಪರಿಹಾರ ಎಂಟನೆಯ ಲೇಬಲ್: ‘ತಿಳಿಯದು’. ಅದು ನೇರ ಕಾರವಾರದ ಮೇಜಿಗೆ.

ತೀರ್ಮಾನ ಏನಾಯಿತು

ಓಡಿಸುವ ಮೊದಲೇ ಬರೆದಿಟ್ಟ ಗೆರೆ ಅಪಾಯಕ್ಕೆ ನೂರಕ್ಕೆ 95. ಮಾದರಿ ಅದನ್ನು ಮುಟ್ಟಲಿಲ್ಲ. ಮೊದಲು ಬಂದ ಸಲಹೆ, ಪದಪಟ್ಟಿಯನ್ನೂ ಜೊತೆಗೆ ಇಡೋಣ, ಪದವೋ ಮಾದರಿಯೋ ಯಾವುದು ಹೌದೆಂದರೂ ಅಪಾಯವೆಂದು ತೆಗೆದುಕೊಳ್ಳೋಣ ಎಂಬುದು. ಅದರ ಲೆಕ್ಕ ಈ ಫೈಲಿನಿಂದಲೇ ಸಿಗುತ್ತದೆ. ಅ ಗುಂಪಿನಲ್ಲಿ ಮಾದರಿ ತಪ್ಪಿಸಿದ ಮೂರರಲ್ಲಿ ಪದ ಇದ್ದದ್ದು ಒಂದರಲ್ಲಿ, ಉಳಿದೆರಡು ಕೆಲಸದ ಚೀಟಿಯಿಂದ ಸಿಕ್ಕವು. ಹಿಡಿದದ್ದು 79ರಿಂದ 80 ಆಗುತ್ತದೆ, 84 ಹೋಗಿ 85. ಪದಪಟ್ಟಿ ಮತ್ತು ಮಾದರಿ ಒಂದೇ ಬಗೆಯ ದೂರನ್ನು ಕಾಣುತ್ತವೆ, ಒಂದೇ ಬಗೆಯದನ್ನು ಬಿಡುತ್ತವೆ.

ಕೆಲಸಕ್ಕೆ ಬಂದದ್ದು ಟೆಸ್ಟ್ ಸೆಟ್ ಕಟ್ಟಲು ಹಿಡಿದ ಸಡಿಲ ಜರಡಿ. ಅದನ್ನು ಪದಪಟ್ಟಿಯ ಜೊತೆ ಸೇರಿಸಿ, ಎರಡರಲ್ಲಿ ಯಾವುದು ಹೌದೆಂದರೂ ಆ ಟಿಕೆಟ್ಟನ್ನು ಮನುಷ್ಯರೊಬ್ಬರು ಓದಿಯೇ ಹಂಚುವುದು. ಚೀಟಿಯಿಂದ ಮಾತ್ರ ಸಿಕ್ಕಿದ್ದ 14ರ ಮೇಲೆ ಜರಡಿಯನ್ನು ಪ್ರತ್ಯೇಕವಾಗಿ ಓಡಿಸಿದಾಗ 11 ಹಿಡಿಯಿತು. ಹಾಗಾಗಿ ಗೊತ್ತಿರುವ 94ರಲ್ಲಿ 91 ಮನುಷ್ಯರ ಕಣ್ಣಿಗೆ ಬೀಳುತ್ತವೆ, ನೂರಕ್ಕೆ 97. ಓದಬೇಕಾದ ಟಿಕೆಟ್ ವರ್ಷಕ್ಕೆ 1,600ರ ಆಸುಪಾಸು, ದಿನಕ್ಕೆ ನಾಲ್ಕೈದು. ಫೋನ್ ಮೇಜಿಗೆ ಇದು ಭಾರವಲ್ಲ. ಉಳಿದ ಲೇಬಲ್‌ಗಳನ್ನು ಮಾದರಿಯೇ ಹಂಚಬಹುದು.

ಇಲ್ಲೊಂದು ತೊಡಕು ಇದೆ. ಈ 97 ಅನ್ನು ಜರಡಿ ಹುಟ್ಟಿಸಿದ ಗುಂಪಿನ ಮೇಲೆಯೇ ಅಳೆದದ್ದು: ‘ಆ’ ಗುಂಪಿನ 24ನ್ನು ಜರಡಿ ಹಿಡಿದೇ ಹಿಡಿಯುತ್ತದೆ, ಏಕೆಂದರೆ ಜರಡಿ ಹೌದೆಂದದ್ದೇ ‘ಆ’ ಗುಂಪು. ಅದು ಬಿಟ್ಟದ್ದೆಲ್ಲ ಇ ಗುಂಪಿನ ಆ 86ರ ಮಿತಿಯೊಳಗೆ ಅಡಗಿದೆ. ಅದನ್ನು ಕುಗ್ಗಿಸಲು ಇರುವುದು ಒಂದೇ ದಾರಿ, ಜರಡಿ ಇಲ್ಲ ಎಂದ ಟಿಕೆಟ್‌ಗಳಿಂದ ಪ್ರತಿ ವಾರ ಮೂವತ್ತನ್ನು ಚೀಟಿ ಎತ್ತಿ ಓದುವುದು. ವರ್ಷಕ್ಕೆ 1,560 ಆಗುತ್ತದೆ. ಅಷ್ಟರಲ್ಲೂ ಒಂದೂ ಸಿಗದಿದ್ದರೆ ಮೇಲಿನ ಮಿತಿ 86ರಿಂದ 28ಕ್ಕೆ ಇಳಿಯುತ್ತದೆ. ಸಿಕ್ಕರೆ, ಆ ಟಿಕೆಟ್‌ನ ಮಾತನ್ನು ಪ್ರಾಂಪ್ಟ್‌ಗೆ ಉದಾಹರಣೆಯಾಗಿ ಸೇರಿಸಬಹುದು, ಆದರೆ ಸೇರಿಸಿದ ಕ್ಷಣದಿಂದ ಅದನ್ನೂ ಅದೇ ಘಟನೆಯ ಉಳಿದವನ್ನೂ ಟೆಸ್ಟ್ ಸೆಟ್‌ನಿಂದ ತೆಗೆದುಹಾಕಿ, ಆ ಜಾಗಕ್ಕೆ ಅದೇ ಗುಂಪಿನ ಬೇರೆ ಟಿಕೆಟ್ ಎತ್ತಬೇಕು.